ಅಗೋರಾಫೋಬಿಯಾ: ಓಡಾಟ ಒಂದೊಂದಾಗಿ ನಿಲ್ಲುವುದು ಹೇಗೆ, ಮತ್ತೆ ಶುರುವಾಗುವುದು ಹೇಗೆ

ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕ್ಷೌರದ ಕುರ್ಚಿಯಲ್ಲಿ ಕೂರುವುದು, ಸಿನಿಮಾ ಹಾಲಿನಲ್ಲಿ ಸಾಲಿನ ನಟ್ಟನಡುವಿನ ಸೀಟು ಸಿಗುವುದು, ಎರಡು ನಿಲ್ದಾಣಗಳ ಮಧ್ಯೆ ರೈಲು ನಿಂತುಬಿಡುವುದು. ಹೆಚ್ಚಿನವರಿಗೆ ಇವು ಮೂರೂ ಬೇರೆ ಬೇರೆ ಸಂಗತಿಗಳು, ಯಾವುದೂ ದೊಡ್ಡದಲ್ಲ. ಅಗೋರಾಫೋಬಿಯಾ ಇರುವವರಿಗೆ ಮಾತ್ರ ಮೂರೂ ಒಂದೇ. ಮೂರು ಕಡೆಯೂ ಒಳಗಿನಿಂದ ಏಳುವ ಪ್ರಶ್ನೆ ಒಂದೇ: “ಈಗ ನನಗೆ ಏನಾದರೂ ಆದರೆ ಇಲ್ಲಿಂದ ಎದ್ದು ಹೋಗೋಕೆ ಆಗುತ್ತಾ?”

ಬಯಲು ಜಾಗದ ಭಯ, ಜನಜಂಗುಳಿಯ ಭಯ ಎಂದು ಇದನ್ನು ಹೇಳುವುದುಂಟು. ಅದು ಅರ್ಧ ಸತ್ಯ. ಭಯ ಜಾಗದ್ದಲ್ಲ, ಜನರದ್ದೂ ಅಲ್ಲ. ಸಿಕ್ಕಿಹಾಕಿಕೊಂಡಾಗ ತನ್ನ ದೇಹಕ್ಕೆ ಏನಾದರೂ ಆಗಿಬಿಟ್ಟರೆ, ಆಗ ಹೊರಗೆ ಹೋಗಲೂ ಆಗದೆ ಸಹಾಯವೂ ಸಿಗದೆ ಹೋದರೆ ಎಂಬ ಭಯ ಅದು. ಅದಕ್ಕೇ ಬಟಾಬಯಲು ಮತ್ತು ಕಿಕ್ಕಿರಿದ ಲಿಫ್ಟು ಎರಡೂ ಒಬ್ಬರನ್ನೇ ಕಾಡಬಲ್ಲವು.

ರೋಗನಿರ್ಣಯಕ್ಕೆ ವೈದ್ಯರು ಐದು ಬಗೆಯ ಸಂದರ್ಭಗಳನ್ನು ಕೇಳಿ ನೋಡುತ್ತಾರೆ: ಬಸ್ಸು ರೈಲಿನಂಥ ಸಾರಿಗೆ, ಸೇತುವೆ ಅಥವಾ ಮೈದಾನದಂಥ ತೆರೆದ ಜಾಗ, ಅಂಗಡಿ ಅಥವಾ ಚಿತ್ರಮಂದಿರದಂಥ ಮುಚ್ಚಿದ ಜಾಗ, ಕ್ಯೂ ಇಲ್ಲವೇ ಜನಸಂದಣಿ, ಮತ್ತು ಮನೆಯಿಂದ ಹೊರಗೆ ಒಬ್ಬರೇ ಇರುವುದು. ಇವುಗಳಲ್ಲಿ ಕನಿಷ್ಠ ಎರಡರಲ್ಲಿ ತೀವ್ರ ಭಯವಿರಬೇಕು, ಅದು 6 ತಿಂಗಳು ಅಥವಾ ಹೆಚ್ಚು ಕಾಲ ನಡೆದಿರಬೇಕು, ಬದುಕಿಗೆ ಅಡ್ಡ ಬಂದಿರಬೇಕು. 2013ಕ್ಕೆ ಮೊದಲು ಇದನ್ನು, ಇದ್ದಕ್ಕಿದ್ದಂತೆ ತೀವ್ರ ಗಾಬರಿ ಮತ್ತೆ ಮತ್ತೆ ಎರಗುವ ಪ್ಯಾನಿಕ್ ಕಾಯಿಲೆಯ ಬಾಲವೆಂಬಂತೆ ನೋಡುತ್ತಿದ್ದರು. ಆ ವರ್ಷ ಬಂದ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿಯ ಐದನೇ ಆವೃತ್ತಿ ಇದನ್ನು ಸ್ವತಂತ್ರ ಕಾಯಿಲೆಯೆಂದು ಬೇರೆ ಮಾಡಿತು. ಪೂರ್ತಿ ಪ್ಯಾನಿಕ್ ಅಟ್ಯಾಕ್ ಒಮ್ಮೆಯೂ ಆಗದೆ, ತಲೆಸುತ್ತು ಬರಬಹುದು, ಹೊಟ್ಟೆ ಕೆಡಬಹುದು ಎಂಬ ಭಯದಲ್ಲೇ ಓಡಾಟ ನಿಲ್ಲಿಸಿದವರೂ ಇದ್ದಾರೆ ಎಂಬುದು ಅದಕ್ಕೆ ಮುಖ್ಯ ಕಾರಣ.

ಪಟ್ಟಿ ಇಷ್ಟೇ. ಆದರೆ ಕಾಯಿಲೆ ಏನೆಂದು ಅದರಿಂದ ತಿಳಿಯುವುದಿಲ್ಲ. ಓಡಾಟ ಒಂದೊಂದಾಗಿ ಕಳಚಿಕೊಳ್ಳುವ ಕ್ರಮವನ್ನು ಹತ್ತಿರದಿಂದ ನೋಡಬೇಕು.

ಮೊದಲ ದಿನ ಬಸ್ಸಿನಲ್ಲಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರೋ ಒಬ್ಬರ ಕತೆಯಲ್ಲ, ಚಿಕಿತ್ಸೆಗೆ ಬರುವವರಲ್ಲಿ ಮತ್ತೆ ಮತ್ತೆ ಕಾಣುವ ಕ್ರಮವನ್ನು ಒಬ್ಬರ ಮೇಲಿಟ್ಟು ಹೇಳುತ್ತಿರುವುದು. 28 ವರ್ಷದ ಮಹಿಳೆ. ಕೆಲಸಕ್ಕೆ ಹೋಗಲು 12 ನಿಲ್ದಾಣಗಳ ಬಸ್ ಪ್ರಯಾಣ. ಏಳನೇ ನಿಲ್ದಾಣ ದಾಟಿದ ಮೇಲೆ ಉದ್ದನೆಯ ಮೇಲ್ಸೇತುವೆ. ಒಂದು ದಿನ ಸರಿಯಾಗಿ ನಿದ್ದೆಯಿಲ್ಲ, ತಿಂಡಿ ತಿಂದಿಲ್ಲ, ಮನೆಯಲ್ಲಿ ಏನೋ ಚಿಂತೆ. ಸೇತುವೆಯ ಮೇಲೆ ವಾಹನಗಳು ನಿಂತು ಬಸ್ಸೂ ನಿಂತಿತು. ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು.

ಎದೆ ಹೊಡೆದುಕೊಳ್ಳುವುದು ಅಪಾಯವಲ್ಲ. ಅದಕ್ಕೆ ಏನು ಅರ್ಥ ಕೊಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ಮುಂದಿನದು ನಿಂತಿದೆ. “ಇದು ಹಾರ್ಟ್ ಅಟ್ಯಾಕ್ ಇರಬಹುದು” ಎಂದು ಮನಸ್ಸು ಓದಿಕೊಂಡರೆ ದೇಹ ಆ ಮಾತನ್ನು ನಂಬುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ಅದನ್ನು ಕಂಡು ಗಾಬರಿ ಇನ್ನೂ ಹೆಚ್ಚುತ್ತದೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುಳಿಯನ್ನೇ ಪ್ಯಾನಿಕ್‌ನ ಕೇಂದ್ರವಾಗಿ ವಿವರಿಸಿದರು. ದೇಹದ ಸಾಧಾರಣ ಸೂಚನೆಯನ್ನು ಆಗಲಿರುವ ದುರಂತವೆಂದು ತಪ್ಪಾಗಿ ಓದುವುದೇ ಪ್ಯಾನಿಕ್ ಎಂಬುದು ಅವರ ವಾದ.

ಉಸಿರಾಟದ ಪಾತ್ರವನ್ನೂ ಇಲ್ಲೇ ತಿಳಿದುಕೊಳ್ಳಬೇಕು, ಯಾಕೆಂದರೆ ಅತಿ ಹೆಚ್ಚು ಹೆದರಿಸುವುದು ಅದೇ. ಗಾಬರಿಯಲ್ಲಿ ನಾವು ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಮಿದುಳಿನ ರಕ್ತನಾಳಗಳು ತುಸು ಕಿರಿದಾಗುತ್ತವೆ. ತಲೆ ಹಗುರಾಗುತ್ತದೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಎದುರಿಗಿರುವುದೆಲ್ಲ ಕನಸಿನ ಹಾಗೆ ದೂರವಾಗಿ ಕಾಣುತ್ತದೆ. ಉಸಿರು ಸಾಲದು ಅನ್ನಿಸುತ್ತದೆ. ವಾಸ್ತವದಲ್ಲಿ ಉಸಿರು ಹೆಚ್ಚಾಗಿದೆ, ಆಮ್ಲಜನಕಕ್ಕೆ ಕೊರತೆಯಿಲ್ಲ. “ಬಿದ್ದುಬಿಡುತ್ತೇನೆ” ಎಂಬ ಭಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎಚ್ಚರ ತಪ್ಪಲು ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು. ಪ್ಯಾನಿಕ್‌ನಲ್ಲಿ ಅದು ಕುಸಿಯುವ ಬದಲು ಏರಿರುತ್ತದೆ. ಹಾಗಾಗಿ ಬೀಳುವ ಹಾಗೆ ಅನ್ನಿಸುವುದು ಬಹಳ, ಬೀಳುವುದು ಬಹಳ ಅಪರೂಪ. ರಕ್ತ, ಸೂಜಿ ಕಂಡರೆ ಎಚ್ಚರ ತಪ್ಪುವವರ ವಿಷಯ ಬೇರೆ, ಅವರಲ್ಲಿ ರಕ್ತದೊತ್ತಡ ನಿಜಕ್ಕೂ ಇಳಿಯುತ್ತದೆ.

ಪ್ಯಾನಿಕ್ ಅಟ್ಯಾಕ್ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಆಮೇಲೆ ತಾನಾಗಿಯೇ ಇಳಿಯುತ್ತದೆ. ನಮ್ಮ ಉದಾಹರಣೆಯ ಮಹಿಳೆ ಅದು ಇಳಿಯುವವರೆಗೆ ಕಾಯಲಿಲ್ಲ. ಡ್ರೈವರಿಗೆ ಕೂಗಿ ಹೇಳಿ ಸೇತುವೆಯ ಮೇಲೇ ಇಳಿದುಬಿಟ್ಟರು. ಇಳಿದ ಕೂಡಲೇ ಹಾಯೆನಿಸಿತು. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿದರು, ಎಲ್ಲ ಸರಿಯಿತ್ತು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಆ ಹಾಯೆನಿಸಿದ ಕ್ಷಣ ಅವರಿಗೆ ಒಂದು ಪಾಠ ಕಲಿಸಿಬಿಟ್ಟಿತ್ತು: ಇಳಿದದ್ದಕ್ಕೇ ನಾನು ಉಳಿದೆ.

ಪ್ರತಿ ಸಲವೂ ಸಣ್ಣದೇ

ಲೋಕ ಒಮ್ಮೆಲೇ ಕುಗ್ಗುವುದಿಲ್ಲ. ಹಾಗೆ ಕುಗ್ಗಿದ್ದರೆ ಎಲ್ಲರಿಗೂ ಕೂಡಲೇ ಗೊತ್ತಾಗುತ್ತಿತ್ತು, ಚಿಕಿತ್ಸೆಯೂ ಬೇಗ ಶುರುವಾಗುತ್ತಿತ್ತು. ಅದು ಸಣ್ಣ ಸಣ್ಣ ಹೊಂದಾಣಿಕೆಗಳಲ್ಲಿ ಕುಗ್ಗುತ್ತದೆ. ಒಂದೊಂದು ಹೊಂದಾಣಿಕೆಯೂ ಆ ಹೊತ್ತಿಗೆ ನ್ಯಾಯವಾಗಿಯೇ ಕಾಣುತ್ತದೆ.

ಮೊದಲ ವಾರ ಅವರು ಬಾಗಿಲ ಹತ್ತಿರದ ಸೀಟನ್ನೇ ಹುಡುಕಿದರು. ಆಮೇಲೆ ಸೇತುವೆಯ ದಾರಿ ಬಿಟ್ಟು ಸುತ್ತಿ ಹೋಗುವ ಬಸ್ಸು ಹಿಡಿದರು. ಪ್ರಯಾಣ 20 ನಿಮಿಷ ಹೆಚ್ಚಾಯಿತು, ಅಷ್ಟೇ ತಾನೇ. ಆ ಬಸ್ಸಿನಲ್ಲೂ ಒಂದು ದಿನ ಎದೆ ಢವಢವ ಎಂದಿತು. ಬಸ್ಸೇ ಬೇಡವೆಂದು ಆಟೊ ಹಿಡಿದರು, ಅದನ್ನಾದರೆ ಬೇಕಾದಲ್ಲಿ ನಿಲ್ಲಿಸಬಹುದು. ಆಮೇಲೆ ಗಂಡನ ಸ್ಕೂಟರಿನಲ್ಲಿ ಹೋಗತೊಡಗಿದರು. ಕಚೇರಿಯ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದರು, ವ್ಯಾಯಾಮಕ್ಕೆ ಒಳ್ಳೆಯದು ಎಂದರು. ಅಂಗಡಿಗೆ ಬೆಳಿಗ್ಗೆ ಬೇಗ, ಕ್ಯೂ ಇಲ್ಲದ ಹೊತ್ತಿನಲ್ಲಿ ಹೋದರು. ಮದುವೆಗೆ ಹೋದರೆ ಬಾಗಿಲ ಬಳಿ ಕೂತರು, ಮುಂದಿನ ಮದುವೆಗೆ ಹೋಗಲಿಲ್ಲ. ಸುಮಾರು ಒಂದೂವರೆ ವರ್ಷದಲ್ಲಿ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದರು. ಆ ಹೊತ್ತಿಗೆ ಒಬ್ಬರೇ ಹೋಗಬಲ್ಲ ಜಾಗವೆಂದರೆ ಬೀದಿಯ ಕೊನೆಯ ಔಷಧಿ ಅಂಗಡಿ ಮಾತ್ರ.

ಇದರಲ್ಲಿ ಎಲ್ಲೂ “ಇಂದಿನಿಂದ ಹೊರಗೆ ಹೋಗುವುದಿಲ್ಲ” ಎಂಬ ತೀರ್ಮಾನ ಇಲ್ಲ. ಪ್ರತಿ ಸಲವೂ ಒಂದು ಜಾಗವನ್ನು ತಪ್ಪಿಸಿದರು, ಪ್ರತಿ ಸಲವೂ ನೆಮ್ಮದಿ ಸಿಕ್ಕಿತು. ಆ ನೆಮ್ಮದಿಯೇ ಮುಂದಿನ ತಪ್ಪಿಸುವಿಕೆಗೆ ಕೂಲಿ. ಅಮೆರಿಕನ್ ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲೇ ಈ ಎರಡು ಹಂತಗಳನ್ನು ಬಿಡಿಸಿಟ್ಟಿದ್ದರು. ಭಯ ಒಂದು ಜಾಗಕ್ಕೆ ಅಂಟಿಕೊಳ್ಳುವುದು ಮೊದಲ ಹಂತ, ಆ ಜಾಗವನ್ನು ತಪ್ಪಿಸಿದಾಗ ಸಿಗುವ ಬಿಡುಗಡೆ ಭಯವನ್ನು ಹಾಗೇ ಕಾಪಾಡಿಕೊಂಡು ಬರುವುದು ಎರಡನೆಯದು. ಮೊದಲ ಹಂತಕ್ಕೆ ಒಂದು ಕೆಟ್ಟ ದಿನ ಸಾಕು. ವರ್ಷಗಟ್ಟಲೆ ಕಾಯಿಲೆಯನ್ನು ಉಳಿಸುವುದು ಎರಡನೆಯದು.

ಇನ್ನೊಂದು ಕಾರಣವೂ ಇದೆ. ಸೇತುವೆಗೆ ಹೋಗುವುದನ್ನು ಬಿಟ್ಟವರಿಗೆ, ಸೇತುವೆಯ ಮೇಲೆ ಏನೂ ಆಗುವುದಿಲ್ಲ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ಅವರ ಲೆಕ್ಕದಲ್ಲಿ ಅದು ಸುರಕ್ಷಿತ ಜಾಗವಾಗಿ ಬದಲಾಗುವುದಿಲ್ಲ, ಕೂದಲೆಳೆಯಲ್ಲಿ ಪಾರಾದ ಜಾಗವಾಗಿಯೇ ಉಳಿಯುತ್ತದೆ. ಅಭ್ಯಾಸ ತಪ್ಪಿದ ಜಾಗ ಹೊಸದಾಗಿಯೂ ಕಾಣತೊಡಗುತ್ತದೆ. ಆರು ತಿಂಗಳು ಬಸ್ಸು ಹತ್ತದವರಿಗೆ ಬಸ್ಸಿನ ಕುಲುಕಾಟ, ಇಕ್ಕಟ್ಟು, ಸದ್ದು ಎಲ್ಲವೂ ಮೊದಲಿಗಿಂತ ಹೆಚ್ಚಾಗಿ ಎದ್ದು ಕಾಣುತ್ತದೆ.

ಹೋಗುತ್ತಾರೆ, ಆದರೆ ಹೇಗೆ ಹೋಗುತ್ತಾರೆ

ಮನೆಯವರಿಗೂ ಕೆಲವೊಮ್ಮೆ ವೈದ್ಯರಿಗೂ ಕಾಣದೆ ಹೋಗುವ ಭಾಗ ಇದು. ಎಷ್ಟೋ ಜನ ಹೊರಗೆ ಹೋಗುತ್ತಲೇ ಇರುತ್ತಾರೆ. ಪಕ್ಕದಲ್ಲಿ ಯಾರಾದರೂ ಇರಬೇಕು, ಕೈಯಲ್ಲಿ ನೀರಿನ ಬಾಟಲಿ, ಚೀಲದಲ್ಲಿ ಒಂದು ಮಾತ್ರೆಯ ಸ್ಟ್ರಿಪ್, ಫೋನ್ ಪೂರ್ತಿ ಚಾರ್ಜ್ ಆಗಿರಬೇಕು, ದಾರಿಯಲ್ಲಿ ಎಲ್ಲೆಲ್ಲಿ ಆಸ್ಪತ್ರೆ ಇದೆ ಎಂಬುದು ತಲೆಯಲ್ಲಿ ಇರಬೇಕು. ಇವನ್ನು ಸುರಕ್ಷತಾ ನಡವಳಿಕೆಗಳು ಎನ್ನುತ್ತಾರೆ. 1871ರಲ್ಲಿ ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಈ ಕಾಯಿಲೆಯನ್ನು ಮೊದಲ ಬಾರಿಗೆ ಹೆಸರಿಟ್ಟು ವಿವರಿಸಿದಾಗಲೂ ಇದನ್ನು ಗಮನಿಸಿದ್ದರು. ಚೌಕಗಳನ್ನು ದಾಟಲು ಹೆದರುತ್ತಿದ್ದ ಅವರ ರೋಗಿಗಳಿಗೆ ಜೊತೆಗೊಬ್ಬರಿದ್ದರೆ, ಕೈಯಲ್ಲೊಂದು ಕೋಲಿದ್ದರೆ ಧೈರ್ಯ ಬರುತ್ತಿತ್ತು. ಅಂದಿನ ಕೋಲಿನ ಜಾಗಕ್ಕೆ ಇಂದು ಫೋನು ಬಂದಿದೆ.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ನೀರು ಒಯ್ಯುವುದು ತಪ್ಪಲ್ಲ. ಆದರೆ ಬಾಟಲಿ ಕೈಯಲ್ಲಿದ್ದಾಗ ಪ್ರಯಾಣ ಸುಖವಾಗಿ ಮುಗಿದರೆ ಮನಸ್ಸು ಅದರ ಯಶಸ್ಸನ್ನು ಬಾಟಲಿಯ ಖಾತೆಗೆ ಬರೆಯುತ್ತದೆ. “ಬಸ್ಸು ಅಪಾಯವಲ್ಲ” ಎಂಬ ಪಾಠದ ಬದಲು “ಬಾಟಲಿ ಇದ್ದದ್ದಕ್ಕೆ ಬಚಾವಾದೆ” ಎಂಬ ಪಾಠ ಸಿಗುತ್ತದೆ. ನೂರು ಸಲ ಹೋಗಿ ಬಂದರೂ ಭಯ ಹಾಗೇ ಇರುತ್ತದೆ. ಜೊತೆಗೆ ಒಂದು ದಿನ ಬಾಟಲಿ ಮರೆತರೆ ಅದೇ ಹೊಸ ಗಾಬರಿಗೆ ಕಾರಣವಾಗುತ್ತದೆ.

ಹಾಗಾಗಿ ಎಷ್ಟು ಕುಗ್ಗಿದೆ ಎಂದು ಅಳೆಯುವಾಗ “ಎಲ್ಲಿಗೆ ಹೋಗುತ್ತೀರಿ?” ಎಂದಷ್ಟೇ ಕೇಳಿದರೆ ಸಾಲದು. ಮನಶ್ಶಾಸ್ತ್ರಜ್ಞೆ ಡಯಾನ್ ಚೇಂಬ್ಲೆಸ್ ಮತ್ತು ಸಹೋದ್ಯೋಗಿಗಳು 1985ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದರ ಜಾಣತನ ಇರುವುದು ಒಂದೇ ಸಂಗತಿಯಲ್ಲಿ: ಪ್ರತಿ ಜಾಗಕ್ಕೂ ಎರಡು ಅಂಕ, ಒಬ್ಬರೇ ಹೋಗುವಾಗ ಎಷ್ಟು ತಪ್ಪಿಸುತ್ತೀರಿ, ಜೊತೆಯಲ್ಲಿ ಯಾರಾದರೂ ಇದ್ದಾಗ ಎಷ್ಟು ತಪ್ಪಿಸುತ್ತೀರಿ. ಅಂಕ 1ರಿಂದ 5, 1 ಎಂದರೆ ಎಂದೂ ತಪ್ಪಿಸುವುದಿಲ್ಲ, 5 ಎಂದರೆ ಯಾವಾಗಲೂ. ನಮ್ಮ ಉದಾಹರಣೆಯ ಮಹಿಳೆಗೆ ಅಂಗಡಿಯ ವಿಷಯದಲ್ಲಿ ಗಂಡ ಜೊತೆಗಿದ್ದಾಗ 2, ಒಬ್ಬರೇ ಆದಾಗ 5. ಮನೆಯವರು ನೋಡುವುದು ಆ 2 ಮಾತ್ರ. “ಚೆನ್ನಾಗಿಯೇ ಓಡಾಡ್ತಾಳಲ್ಲ” ಎಂದು ಅವರಿಗೆ ಅನ್ನಿಸುವುದು ಅದಕ್ಕೇ. ಎರಡು ಅಂಕಗಳ ನಡುವಿನ ಅಂತರವೇ ಅವರು ಇನ್ನೊಬ್ಬರ ಹೆಗಲ ಮೇಲೆ ಎಷ್ಟು ಭಾರ ಹಾಕಿ ನಡೆಯುತ್ತಿದ್ದಾರೆ ಎಂಬುದರ ಅಳತೆ.

ಮನೆಯವರ ಪ್ರೀತಿಯೂ ಇಲ್ಲಿ ತಿಳಿಯದೆ ಕಾಯಿಲೆಯ ಪಾಲಾಗುತ್ತದೆ. ಗಂಡ ದಿನಾ ಬಿಟ್ಟು ಬರುತ್ತಾರೆ, ತಂಗಿ ಅಂಗಡಿಗೆ ಹೋಗುತ್ತಾಳೆ, ಅಮ್ಮ ಗಂಟೆಗೊಮ್ಮೆ ಫೋನ್ ಮಾಡುತ್ತಾರೆ. ಯಾರೂ ತಪ್ಪು ಮಾಡುತ್ತಿಲ್ಲ. ಆದರೆ ಅವರು ಮಾಡಿದಷ್ಟೂ ಇವರು ಮಾಡಬೇಕಾದದ್ದು ಕಡಿಮೆಯಾಗುತ್ತದೆ.

ಭಯಕ್ಕೆ ಪರೀಕ್ಷೆ ಒಡ್ಡುವುದು

ಚಿಕಿತ್ಸೆಯ ತಿರುಳು ಎಕ್ಸ್‌ಪೋಶರ್, ಅಂದರೆ ತಪ್ಪಿಸಿದ ಜಾಗಗಳಿಗೆ ಯೋಜನೆ ಹಾಕಿಕೊಂಡು ಮರಳುವುದು. ಕೇಳಲು ಇದು “ಧೈರ್ಯ ಮಾಡಿ ಹೋಗಿ” ಎಂದ ಹಾಗೆಯೇ ಇದೆ. ಅಲ್ಲ. ಹಲ್ಲು ಕಚ್ಚಿಕೊಂಡು ಬಸ್ಸಿನಲ್ಲಿ ಹೋಗಿ ಬಂದವರು ಎಷ್ಟೋ ಜನ, ಅವರ ಭಯ ಕಡಿಮೆಯಾಗಿಲ್ಲ. ವ್ಯತ್ಯಾಸ ಇರುವುದು ಹೋಗುವ ಮುನ್ನ ಏನನ್ನು ಬರೆದುಕೊಳ್ಳುತ್ತಾರೆ, ಅಲ್ಲಿ ಏನು ಮಾಡುತ್ತಾರೆ, ಬಂದ ಮೇಲೆ ಏನನ್ನು ನೋಡುತ್ತಾರೆ ಎಂಬುದರಲ್ಲಿ.

ಒಂದು ಕಾಲಕ್ಕೆ ಭಯ ಇಳಿಯುವವರೆಗೆ ಅಲ್ಲೇ ಇರಬೇಕು, ಇಳಿದರೆ ಗೆದ್ದ ಹಾಗೆ ಎನ್ನುತ್ತಿದ್ದರು. ಮನಶ್ಶಾಸ್ತ್ರಜ್ಞೆ ಮಿಶೆಲ್ ಕ್ರಾಸ್ಕ್ ಮತ್ತು ಸಂಗಡಿಗರ ಕೆಲಸದ ನಂತರ ಒತ್ತು ಬೇರೆ ಕಡೆ ಬಿದ್ದಿದೆ. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ “ನಾನು ಅಂದುಕೊಂಡದ್ದು ಆಗಲಿಲ್ಲ” ಎಂಬ ಹೊಸ ಕಲಿಕೆ ಬಲವಾಗಿ ಬೆಳೆಯಬೇಕು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವಿನ ಅಂತರ ದೊಡ್ಡದಾದಷ್ಟು ಕಲಿಕೆ ಗಟ್ಟಿ. ಹಾಗಾಗಿ ಅಂದುಕೊಂಡದ್ದೇನು ಎಂಬುದು ಮೊದಲೇ ಸ್ಪಷ್ಟವಾಗಿರಬೇಕು. “ತುಂಬಾ ಕಷ್ಟ ಆಗುತ್ತೆ” ಎಂದು ಬರೆದರೆ ಪ್ರಯೋಜನವಿಲ್ಲ, ಅದು ಯಾವಾಗಲೂ ನಿಜವೇ ಆಗುತ್ತದೆ. ನೋಡಿ ತೀರ್ಮಾನಿಸಬಹುದಾದ ಮಾತು ಬೇಕು.

ನಮ್ಮ ಮಹಿಳೆಯ ಮೊದಲ ಹೆಜ್ಜೆ ಎರಡು ನಿಲ್ದಾಣದ ಬಸ್ ಪ್ರಯಾಣ. ಹೋಗುವ ಮುನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದು: “ಎರಡನೇ ನಿಲ್ದಾಣ ಬರುವ ಮೊದಲೇ ಎಚ್ಚರ ತಪ್ಪಿ ಬೀಳುತ್ತೇನೆ. ಸಾಧ್ಯತೆ 100ಕ್ಕೆ 70.” ಬಾಗಿಲಿಗೆ ದೂರದ ಸೀಟಿನಲ್ಲಿ ಕೂತರು. ಫೋನ್ ಚೀಲದಲ್ಲಿತ್ತು, ಯಾರಿಗೂ ಕರೆ ಮಾಡಲಿಲ್ಲ. ಭಯ 100ಕ್ಕೆ 80 ಮುಟ್ಟಿತು, ಇಳಿಯುವಾಗಲೂ 60ರ ಹತ್ತಿರವೇ ಇತ್ತು. ಬಂದು ಬರೆದದ್ದು: “ಬೀಳಲಿಲ್ಲ. ಕಾಲು ನಡುಗಿತು, ಆದರೂ ನಿಂತು ಇಳಿದೆ. ಮುಂದಿನ ಸಲ ಬೀಳುವ ಸಾಧ್ಯತೆ 50.” ಭಯ ಇಳಿಯಲಿಲ್ಲವೆಂದು ಇದನ್ನು ಸೋಲು ಎನ್ನುವಂತಿಲ್ಲ. ಇಲ್ಲಿ ಮುಖ್ಯ ಅಂಕ 80 ಅಥವಾ 60 ಅಲ್ಲ. 70 ಇದ್ದದ್ದು 50 ಆಯಿತಲ್ಲ, ಅದು.

ಅದೇ ಎರಡು ನಿಲ್ದಾಣವನ್ನು ವಾರದಲ್ಲಿ ನಾಲ್ಕೈದು ದಿನ ಮಾಡಿದರು. ವಾರಕ್ಕೊಮ್ಮೆ ಮಾಡಿದರೆ ಮಧ್ಯದ ಆರು ದಿನ ತಪ್ಪಿಸುವ ಅಭ್ಯಾಸವೇ ಮೇಲುಗೈ ಪಡೆಯುತ್ತದೆ, ಪ್ರತಿ ಸಲವೂ ಮೊದಲಿನಿಂದ ಶುರು ಮಾಡಿದ ಹಾಗೆ ಆಗುತ್ತದೆ. ಬೀಳುವ ಸಾಧ್ಯತೆ 10ಕ್ಕೆ ಬಂದ ಮೇಲೆ ನಾಲ್ಕು ನಿಲ್ದಾಣ, ಆಮೇಲೆ ಆರು. ಎಲ್ಲ ಹೆಜ್ಜೆಗಳನ್ನೂ ಏರುವ ಮೆಟ್ಟಿಲಿನ ಹಾಗೆ ಸರಿಯಾಗಿ ಜೋಡಿಸಬೇಕೆಂದಿಲ್ಲ. ಕೂತು ಹೋದದ್ದಾದರೆ ನಿಂತು ಹೋಗುವುದು, ಖಾಲಿ ಬಸ್ಸಾದರೆ ತುಂಬಿದ ಬಸ್ಸು, ಬೆಳಿಗ್ಗೆಯಾದರೆ ಸಂಜೆ, ನಿದ್ದೆ ಕೆಟ್ಟ ಮರುದಿನ, ಮಳೆ ಬರುವಾಗ. ಹೀಗೆ ಬದಲಿಸುತ್ತಾ ಹೋಗುವುದು ಮುಖ್ಯ. “ಚೆನ್ನಾಗಿ ಅನ್ನಿಸಿದ ದಿನ ಹೋಗ್ತೀನಿ” ಎನ್ನುವವರು ಚೆನ್ನಾಗಿ ಅನ್ನಿಸಿದ ದಿನ ಬಸ್ಸು ಸುರಕ್ಷಿತ ಎಂಬುದನ್ನು ಮಾತ್ರ ಕಲಿಯುತ್ತಾರೆ.

ಸೇತುವೆಯನ್ನು ಐದನೇ ವಾರದಲ್ಲಿ ಎತ್ತಿಕೊಂಡರು. ಅಲ್ಲಿ ಬರೆದ ಮಾತು ಬದಲಾಗಿತ್ತು: “ಬಸ್ಸು ನಿಂತರೆ ತಡೆಯಲಾಗದೆ ಕಿರುಚಿ ಬಾಗಿಲು ಬಡಿಯುತ್ತೇನೆ, ಸಾಧ್ಯತೆ 60.” ಮೊದಲ ಎರಡು ದಿನ ಬಸ್ಸು ನಿಲ್ಲಲೇ ಇಲ್ಲ, ಹಾಗಾಗಿ ಆ ಮಾತಿಗೆ ಪರೀಕ್ಷೆಯೇ ಆಗಲಿಲ್ಲ. ವಾಹನ ದಟ್ಟಣೆ ಇರುವ ಹೊತ್ತನ್ನೇ ಆರಿಸಿಕೊಂಡು ಹೋದ ಮೇಲೆ ಪರೀಕ್ಷೆ ನಡೆಯಿತು. ಇದು ಸಣ್ಣ ವಿವರವೆನಿಸಬಹುದು, ಆದರೆ ಎಷ್ಟೋ ಎಕ್ಸ್‌ಪೋಶರ್‌ಗಳು ಸೋಲುವುದು ಇಲ್ಲೇ. ಜಾಗಕ್ಕೆ ಹೋದದ್ದಾಯಿತು, ಹೆದರಿದ ಸಂಗತಿಗೆ ಅವಕಾಶವೇ ಕೊಡಲಿಲ್ಲ.

ಎಲ್ಲಿ ಎಡವುತ್ತಾರೆ

ಭಯ ತುದಿಯಲ್ಲಿದ್ದಾಗ ಇಳಿದುಬಿಡುವುದು ಎಲ್ಲರೂ ಊಹಿಸುವ ತೊಡಕು. ಹಾಗಾದರೆ ಅಲ್ಲಿಗೆ ಎಲ್ಲ ಮುಗಿಯಿತು ಎಂದೇನೂ ಅಲ್ಲ. ಕೆಳಗೆ ನಿಂತು ಸ್ವಲ್ಪ ಸುಧಾರಿಸಿಕೊಂಡು ಮುಂದಿನ ಬಸ್ಸಿಗೇ ಮತ್ತೆ ಹತ್ತಿದರೆ ನಷ್ಟವೇನೂ ಉಳಿಯುವುದಿಲ್ಲ. ಮನೆಗೆ ಹೋಗಿ ಮಲಗಿದರೆ ಹಳೆಯ ಪಾಠ ಇನ್ನೊಮ್ಮೆ ಗಟ್ಟಿಯಾಗುತ್ತದೆ.

ಹೆಚ್ಚು ಸೂಕ್ಷ್ಮವಾದ ತೊಡಕು ಒಳಗೆ ಅಡಗಿದ ಸುರಕ್ಷತಾ ನಡವಳಿಕೆ. ಹೊರಗಿನಿಂದ ನೋಡಿದರೆ ಒಬ್ಬರು ಕ್ಯೂನಲ್ಲಿ ಆರಾಮಾಗಿ ನಿಂತಿದ್ದಾರೆ. ಒಳಗೆ 100ರಿಂದ ಹಿಂದಕ್ಕೆ ಎಣಿಸುತ್ತಿದ್ದಾರೆ, ಅಂಗಡಿಯ ತಳ್ಳುಗಾಡಿಯ ಹಿಡಿಯನ್ನು ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿದ್ದಾರೆ, ಕಾಲು ಕುಸಿಯದಂತೆ ಮಂಡಿ ಸೆಟೆದು ನಿಂತಿದ್ದಾರೆ. ಆ ಸೆಟೆತವೇ ಕಾಲು ನಡುಗಲು ಕಾರಣವಾಗುತ್ತದೆ, ಆ ನಡುಕವನ್ನೇ ಕುಸಿಯುವ ಸೂಚನೆಯೆಂದು ಓದುತ್ತಾರೆ. ಇದನ್ನು ಪತ್ತೆ ಹಚ್ಚಲು ಒಂದು ಸರಳ ಪ್ರಶ್ನೆ ಸಾಕು: “ಇದನ್ನು ಮಾಡದಿದ್ದರೆ ಏನಾಗುತ್ತದೆ?” ಉತ್ತರ “ಏನೂ ಇಲ್ಲ” ಎಂದಾದರೆ ಅದು ಬರೀ ಅಭ್ಯಾಸ. “ಬಿದ್ದುಬಿಡುತ್ತೇನೆ” ಎಂದಾದರೆ ಅದನ್ನು ಬಿಟ್ಟು ನೋಡಬೇಕಾದದ್ದೇ ಮುಂದಿನ ಹೆಜ್ಜೆ.

ದೀರ್ಘ ಉಸಿರಾಟದ ವಿಷಯದಲ್ಲೂ ಇದೇ ಎಚ್ಚರ ಬೇಕು. ನಿಧಾನ ಉಸಿರಾಟದಿಂದ ಹಾನಿಯಿಲ್ಲ. ಆದರೆ ಪ್ರತಿ ಸಲ ಗಾಬರಿಯಾದಾಗ ಅದನ್ನು ಓಡಿಸಲೆಂದೇ ಉಸಿರು ಎಣಿಸಿದರೆ ಉಸಿರಾಟವೂ ಇನ್ನೊಂದು ನೀರಿನ ಬಾಟಲಿಯಾಗುತ್ತದೆ.

ಕೆಲವರಿಗೆ ಬಸ್ಸಿಗಿಂತ ಹೆಚ್ಚಾಗಿ ದೇಹದ ಒಳಗಿನ ಸಂವೇದನೆಗಳದ್ದೇ ಭಯ. ಅವರಿಗೆ ಅವೇ ಸಂವೇದನೆಗಳನ್ನು ಬೇಕೆಂದೇ ತಂದುಕೊಳ್ಳುವ ಅಭ್ಯಾಸ ಮಾಡಿಸುತ್ತಾರೆ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಿದರೆ ತಲೆಸುತ್ತು ಬರುತ್ತದೆ. ಒಂದು ನಿಮಿಷ ಬೇಗ ಬೇಗ ಆಳವಾಗಿ ಉಸಿರಾಡಿದರೆ ಬೆರಳು ಜುಮ್ಮೆನ್ನುತ್ತದೆ. ನಿಂತಲ್ಲೇ ಓಡಿದರೆ ಎದೆ ಹೊಡೆದುಕೊಳ್ಳುತ್ತದೆ, ಮೂಗು ಮುಚ್ಚಿ ಕಿರಿದಾದ ಸ್ಟ್ರಾದಲ್ಲಿ ಉಸಿರಾಡಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಮನೆಯಲ್ಲಿ ಇದು ಸಲೀಸಾದ ಮೇಲೆ ಬಸ್ ನಿಲ್ದಾಣದಲ್ಲಿ, ಆಮೇಲೆ ಬಸ್ಸಿನೊಳಗೇ. ಹೃದ್ರೋಗ, ಆಸ್ತಮಾ, ಅಪಸ್ಮಾರ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮಾಡಬಾರದು.

ಮನೆಯವರು ಒಂದೇ ದಿನ ಸಹಾಯ ನಿಲ್ಲಿಸಿಬಿಡುವುದೂ ತಪ್ಪು ದಾರಿ. ಅದು ಶಿಕ್ಷೆಯಂತೆ ಕಾಣುತ್ತದೆ, ಯೋಜನೆಯಂತೆ ಕಾಣುವುದಿಲ್ಲ. ಜೊತೆಗೇ ಕೂತು ಒಂದೊಂದಾಗಿ ಬಿಡುವುದನ್ನು ಗೊತ್ತು ಮಾಡಿಕೊಳ್ಳಬೇಕು. ಗಂಡ ಮೊದಲ ವಾರ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಮುಂದಿನ ವಾರ ಇಳಿಯುವ ನಿಲ್ದಾಣದಲ್ಲಿ ಕಾಯುತ್ತಾರೆ, ಅದರ ಮುಂದಿನ ವಾರ ಮನೆಯಲ್ಲೇ ಇರುತ್ತಾರೆ. “ಏನಾದರೂ ಆದರೆ ತಕ್ಷಣ ಫೋನ್ ಮಾಡು” ಎಂಬ ಮಾತನ್ನು ಬಿಡುವುದು ಬಹುಶಃ ಎಲ್ಲಕ್ಕಿಂತ ಕಷ್ಟ. ಅದರ ಬದಲು “ಬಂದ ಮೇಲೆ ಏನಾಯಿತು ಹೇಳು” ಎಂದರೆ ಸಾಕು.

ಮನೆಯಿಂದ ಹೊರಗೆ ಕಾಲಿಡಲೇ ಆಗದವರಿಗೆ ಇದೆಲ್ಲ ದೂರದ ಮಾತು. ಅವರ ಮೊದಲ ಹೆಜ್ಜೆ ಬಾಗಿಲು ತೆರೆದು ಹೊಸ್ತಿಲ ಮೇಲೆ ಐದು ನಿಮಿಷ ನಿಲ್ಲುವುದು ಆಗಬಹುದು, ಎರಡನೆಯದು ಗೇಟಿನವರೆಗೆ ನಡೆಯುವುದು. ಚಿಕಿತ್ಸಾಲಯಕ್ಕೆ ಬರಲಾಗದಿರುವುದೇ ಕಾಯಿಲೆಯ ಲಕ್ಷಣವಾದ್ದರಿಂದ ವಿಡಿಯೊ ಕರೆಯಲ್ಲಿ ಶುರು ಮಾಡುವುದು ಎಷ್ಟೋ ಸಲ ಸರಿಯಾದ ಆರಂಭ. ಆದರೆ ಮಾತು ಮಾತಿನಲ್ಲೇ ತಿಂಗಳುಗಳು ಕಳೆದು ಹೊಸ್ತಿಲು ದಾಟುವ ಯೋಜನೆಯೇ ಬರದಿದ್ದರೆ ಅದನ್ನು ಚಿಕಿತ್ಸಕರಲ್ಲಿ ನೇರವಾಗಿ ಕೇಳಬೇಕು.

ಔಷಧಿ, ಮತ್ತು ಬೇರೆ ಕಾರಣಗಳು

ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್‌ನಂಥ, ಖಿನ್ನತೆಗೂ ಆತಂಕಕ್ಕೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಪ್ಯಾನಿಕ್ ಜೊತೆಗಿರುವ ಅಗೋರಾಫೋಬಿಯಾಕ್ಕೆ ಸಹಾಯ ಮಾಡುತ್ತವೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ಒಂದೆರಡು ವಾರ ತಳಮಳ, ನಿದ್ದೆಗೇಡು ಹೆಚ್ಚಾಗಬಹುದು. ದೇಹದ ಪ್ರತಿ ಬದಲಾವಣೆಗೂ ಹೆದರುವವರು ಇದೇ ಹಂತದಲ್ಲಿ ಮಾತ್ರೆ ಬಿಟ್ಟುಬಿಡುತ್ತಾರೆ. ಅದಕ್ಕೇ ವೈದ್ಯರು ಸಣ್ಣ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವಾಗಲೂ ವೈದ್ಯರ ಸಲಹೆಯಂತೆ ಹಂತ ಹಂತವಾಗಿ.

ಅಲ್ಪ್ರಜೋಲಾಮ್‌ನಂಥ ಬೆಂಜೊಡಯಜೆಪಿನ್ ಮಾತ್ರೆಗಳು ಅರ್ಧ ಗಂಟೆ, ಒಂದು ಗಂಟೆಯಲ್ಲೇ ಗಾಬರಿ ಇಳಿಸುತ್ತವೆ. ಇಲ್ಲಿ ತೊಡಕಾಗುವುದು ಆ ವೇಗವೇ. ಅಭ್ಯಾಸವಾಗುವ ಅಪಾಯ ಒಂದು ಕಡೆ, ಬಸ್ಸಿಗೆ ಮುನ್ನ ನುಂಗಿ ಹೋದರೆ ಯಶಸ್ಸೆಲ್ಲ ಮಾತ್ರೆಯ ಪಾಲಾಗುವುದು ಇನ್ನೊಂದು ಕಡೆ. ಎಷ್ಟೋ ಜನ ಅದನ್ನು ವರ್ಷಗಳಿಂದ ನುಂಗಿಯೇ ಇಲ್ಲ, ಅವಧಿ ಮೀರಿದ ಸ್ಟ್ರಿಪ್ ಚೀಲದಲ್ಲಿ ಹಾಗೇ ಇದೆ, ಆದರೂ ಅದಿಲ್ಲದೆ ಹೊರಡುವುದಿಲ್ಲ. ದಿನವೂ ತೆಗೆದುಕೊಳ್ಳುತ್ತಿರುವವರು ಮಾತ್ರ ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು, ಥಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ.

ಎಲ್ಲ ತಲೆಸುತ್ತೂ ಭಯದ್ದಲ್ಲ. ಒಳಗಿವಿಯ ಸಮತೋಲನದ ತೊಂದರೆ, ಥೈರಾಯ್ಡ್ ಹೆಚ್ಚಳ, ಹೃದಯದ ಲಯದ ದೋಷ ಇದೇ ವೇಷದಲ್ಲಿ ಬರಬಹುದು. ತಲೆ ಹೊರಳಿಸಿದಾಗ ಅಥವಾ ಹಾಸಿಗೆಯಲ್ಲಿ ಮಗ್ಗುಲಾದಾಗ ಲೋಕವೇ ಗಿರ್ರನೆ ತಿರುಗಿದರೆ ಕಿವಿಯ ಪರೀಕ್ಷೆ ಬೇಕು. ನಿಜಕ್ಕೂ ಎಚ್ಚರ ತಪ್ಪಿದ್ದರೆ, ಶ್ರಮಪಟ್ಟಾಗ ಎದೆನೋವು ಬಂದರೆ ಹೃದಯದ ತಪಾಸಣೆ ಮೊದಲು. ಮೊದಲ ಬಾರಿಗೆ 40 ದಾಟಿದ ಮೇಲೆ ಶುರುವಾದರಂತೂ ದೇಹದ ತಪಾಸಣೆಯನ್ನು ಚೆನ್ನಾಗಿ ಮಾಡಿಸಬೇಕು. ಒಮ್ಮೆ ಸರಿಯಾಗಿ ಪರೀಕ್ಷಿಸಿ ಏನೂ ಇಲ್ಲವೆಂದು ತಿಳಿದ ಮೇಲೆ ತಿಂಗಳಿಗೊಂದು ಇಸಿಜಿ ಮಾಡಿಸುತ್ತಾ ಹೋಗುವುದು ಬೇಡ, ಅದೂ ಸುರಕ್ಷತಾ ನಡವಳಿಕೆಯೇ. ಇನ್ನು ಮನೆಯೊಳಗೇ ಉಳಿದವರಲ್ಲಿ ಖಿನ್ನತೆ ಸೇರಿಕೊಳ್ಳುವುದು ಸಾಮಾನ್ಯ. ಬದುಕಿ ಏನು ಪ್ರಯೋಜನ ಎಂಬ ಮಾತು ಬರುತ್ತಿದ್ದರೆ ಬಸ್ಸಿನ ಯೋಜನೆ ಆಮೇಲೆ, ಅದೇ ದಿನ ವೈದ್ಯರ ಸಹಾಯ ಪಡೆಯುವುದು ಮೊದಲು.

ಓಡಾಟ ಮರಳಿದ ಮೇಲೂ ಒಂದು ಕೆಟ್ಟ ದಿನ ಬಂದೇ ಬರುತ್ತದೆ. ತಿಂಗಳುಗಳ ಕಾಲ ಸಲೀಸಾಗಿ ದಾಟಿದ ಸೇತುವೆಯ ಮೇಲೆ ಒಮ್ಮೆ ಎದೆ ಮತ್ತೆ ಹೊಡೆದುಕೊಳ್ಳಬಹುದು. ಹಳೆಯ ಭಯ ಅಳಿಸಿಹೋಗಿಲ್ಲವಾದ್ದರಿಂದ ಇದು ನಿರೀಕ್ಷಿತವೇ, ಮೊದಲಿನ ಸ್ಥಿತಿಗೆ ಮರಳಿದ ಹಾಗಲ್ಲ. ಮುಂದೇನಾಗುತ್ತದೆ ಎಂಬುದು ಆ ದಿನದ ಮೇಲಲ್ಲ, ನಂತರದ ಎರಡು ಮೂರು ದಿನಗಳ ಮೇಲೆ ನಿಂತಿದೆ. ಅಷ್ಟರೊಳಗೆ ಅದೇ ಬಸ್ಸಿನಲ್ಲಿ, ಅದೇ ದಾರಿಯಲ್ಲಿ, ಬಾಗಿಲಿಗೆ ದೂರದ ಸೀಟಿನಲ್ಲಿ ಕೂತು ಮತ್ತೊಮ್ಮೆ ಹೋಗಬೇಕು, ಹೋಗುವ ಮುನ್ನ ಏನಾಗುತ್ತದೆ ಅಂದುಕೊಂಡಿದ್ದೀರೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು.